ಪೂರ್ಣವಿರಾಮದ ಸಾಕ್ಷ್ಯ

ಕಳೆದ ವರ್ಷ ನಮ್ಮ ಬಳಗವು ಮುಂಬಯಿ ಕನ್ನಡ ಕಥನವನ್ನು ಕುರಿತು ಏರ್ಪಡಿಸಿದ್ದ ಉಪನ್ಯಾಸವೊಂದಕ್ಕೆ ಹದಿನೆಂಟು ಸ್ಲೈಡುಗಳನ್ನು ಸಿದ್ಧಪಡಿಸಿದ್ದೆವು. ಯಶವಂತ ಚಿತ್ತಾಲರನ್ನು ಕುರಿತ ಸ್ಲೈಡಿನಲ್ಲಿ ನಾಲ್ಕು ಬುಲೆಟ್ ಸಾಲುಗಳಿದ್ದವು. ಪರದೆಯ ಮೇಲೆ ಅವು ಕಂಡದ್ದು ಹೀಗೆ:

• ಹುಟ್ಟೂರು ಉತ್ತರ ಕನ್ನಡದ ಹನೇಹಳ್ಳಿ.
• ವೃತ್ತಿಯಿಂದ ಪಾಲಿಮರ್ ತಂತ್ರಜ್ಞ;
• ಮುಂಬಯಿಯ ಉದ್ಯಮ ಜಗತ್ತನ್ನು ‘ಶಿಕಾರಿ’ಯಲ್ಲಿ ಚಿತ್ರಿಸಿದರು
• 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದು 1979ರಲ್ಲಿ ಪ್ರಕಟವಾದ ‘ಶಿಕಾರಿ’ ಕಾದಂಬರಿಗಾಗಿ

ಕೊನೆಯ ಮಾತು ತಪ್ಪು. ನಾವು ಬರೆದಿದ್ದ ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. ‘ಅಲ್ಲ, ‘ಕಥೆಯಾದಳು ಹುಡುಗಿ’ ಕಥಾಸಂಕಲನಕ್ಕಾಗಿ.’ ಎಂಬ ಇನ್ನೊಂದು ಪಂಕ್ತಿ ಇತ್ತು. ಅದು ಪರದೆಯ ಕೆಳಗಿನ ಅಂಚನ್ನು ದಾಟಿ ಕಾಣೆಯಾಗಿತ್ತು. ಉಪನ್ಯಾಸಕರು ಆ ಸಾಲನ್ನು ಗಟ್ಟಿಯಾಗಿ ಓದದೆ ಮುಂದಕ್ಕೆ ಹೋದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಚಿತ್ರ ತೆಗೆದಳು; ಆ ರಾತ್ರಿಯೇ ಅದು ಮೂರು ವಾಟ್ಸಾಪ್ ಗುಂಪುಗಳನ್ನು ಸೇರಿತ್ತು. ಕನ್ನಡವನ್ನು ಶಾಲೆಯಲ್ಲಿ ಓದದ ಆ ಹುಡುಗಿ ಮತ್ತೊಂದು ಗ್ರಂಥವನ್ನು ತೆರೆದು ಪರಿಶೀಲಿಸುವಳೆಂದು ನಾವು ನಿರೀಕ್ಷಿಸುವುದು ಹೇಗೆ? ಅವಳ ಪಾಲಿಗೆ ಸ್ಲೈಡೇ ಗ್ರಂಥ.

ಅಂದಿನಿಂದ ನಾವು ಸ್ಲೈಡುಗಳ ಕರಡು ತಿದ್ದುವ ಕ್ರಮವನ್ನೇ ಬದಲಿಸಿಕೊಂಡೆವು. ಹೊಂದದ ಫಾಂಟು, ತುಂಡಾದ ಸಾಲು, ಒಂದೊಂದು ಸಾಲಿಗೆ ಒಂದೊಂದು ಬಗೆಯ ವಿರಾಮಚಿಹ್ನೆ: ಈ ಮೂರನ್ನು ಸಾಮಾನ್ಯವಾಗಿ ಮೂರು ಬಿಡಿ ಅಂದಗೇಡುಗಳೆಂದು ಎಣಿಸುತ್ತಾರೆ. ನಮ್ಮ ಅನುಭವದಲ್ಲಿ ಅವು ಒಂದೇ ಸರಪಳಿಯ ಕೊಂಡಿಗಳು. ಅವುಗಳನ್ನು ತಿದ್ದುವ ಅನುಕ್ರಮ ತಪ್ಪಿದರೆ ತಿದ್ದುಪಡಿಯೇ ಹೊಸ ತಪ್ಪನ್ನು ಹುಟ್ಟಿಸುತ್ತದೆ ಎಂಬುದು ನಮ್ಮ ವಾದ.

ಮೊದಲ ಕೊಂಡಿ ಫಾಂಟು. ಸ್ಲೈಡು ರಚಿಸಿದ ಸದಸ್ಯರು ತಮ್ಮ ಕಂಪ್ಯೂಟರಿನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಇಳಿಸಿಕೊಂಡಿದ್ದರು. ಸಭಾಂಗಣದ ಕಂಪ್ಯೂಟರಿನಲ್ಲಿ ಅದು ಇರಲಿಲ್ಲ. ಇಂಥಲ್ಲಿ ಪವರ್‌ಪಾಯಿಂಟ್ ಲಭ್ಯವಿರುವ ಇನ್ನೊಂದು ಫಾಂಟನ್ನು ಸದ್ದಿಲ್ಲದೆ ತಂದು ಕೂರಿಸುತ್ತದೆ. ಅಳತೆಯ ಅಂಕಿ ಒಂದೇ ಆಗಿದ್ದರೂ ಎರಡು ಫಾಂಟುಗಳ ಅಕ್ಷರಗಳ ಅಗಲವಾಗಲಿ, ಒತ್ತಕ್ಷರಗಳಿಗೆ ಬೇಕಾದ ಪಂಕ್ತಿಯ ಎತ್ತರವಾಗಲಿ ಒಂದೇ ಇರುವುದಿಲ್ಲ. ಎರಡು ಪಂಕ್ತಿಗಳಲ್ಲಿ ಅಡಗಿದ್ದ ನಮ್ಮ ನಾಲ್ಕನೆಯ ಸಾಲು ಮೂರಕ್ಕೆ ಹಬ್ಬಿತು. ಮೂರನೆಯ ಪಂಕ್ತಿಗೆ ಸ್ಲೈಡಿನಲ್ಲಿ ಜಾಗವಿರಲಿಲ್ಲ.

ಆದ್ದರಿಂದ ಈಗ ನಾವು ಮೊದಲು ನೋಡುವುದು ಕಡತದಲ್ಲಿರುವ ಫಾಂಟುಗಳ ಪಟ್ಟಿಯನ್ನು. `Home` ಅಡಿಯ `Replace` ಪಕ್ಕದಲ್ಲಿರುವ `Replace Fonts` ಆ ಪಟ್ಟಿಯನ್ನು ತೋರಿಸುತ್ತದೆ. ಅಂದಿನ ಕಡತದಲ್ಲಿ ನೋಟೊದ ಜೊತೆಗೆ, ಬೇರೆ ಕಡೆಯಿಂದ ಅಂಟಿಸಿದ ಸಾಲುಗಳೊಂದಿಗೆ ಬಂದ ತುಂಗಾ ಇತ್ತು. ಹಳೆಯ ಲೇಖನವೊಂದರಿಂದ ಎತ್ತಿದ ಭಾಗದಲ್ಲಿ ನುಡಿ ಇತ್ತು. ತುಂಗಾವನ್ನು ನೋಟೊಗೆ ಬದಲಿಸುವುದು ಸುಲಭ. ಹಳೆಯ ನುಡಿಯ ವಿಷಯ ಬೇರೆ. ಅಲ್ಲಿ ಕನ್ನಡದ ರೂಪ ಫಾಂಟಿನಲ್ಲಿ ಮಾತ್ರ ಇರುತ್ತದೆ; ಒಳಗಿರುವುದು ಇಂಗ್ಲಿಷ್ ಕೀಲಿಗಳ ಸಂಕೇತ. ಫಾಂಟು ಬದಲಿಸಿದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಉಳಿಯುತ್ತವೆ. ಅದನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಮೂಲದೊಡನೆ ಹೋಲಿಸಿ ಓದದೆ ಗತ್ಯಂತರವಿಲ್ಲ. ಈ ಕೆಲಸ ಮುಗಿಯುವವರೆಗೆ ಬೇರಾವ ತಿದ್ದುಪಡಿಗೂ ಕೈಹಾಕಬಾರದು. ಫಾಂಟು ಬದಲಾದಾಗಲೆಲ್ಲ ಪಂಕ್ತಿಗಳು ಮುರಿಯುವ ಸ್ಥಾನವೂ ಬದಲಾಗುತ್ತದೆ.

ಎರಡನೆಯದು ತುಂಡಾದ ಸಾಲು. ಇದನ್ನು ಸ್ಲೈಡು ಸಂಪಾದಿಸುವ ನೋಟದಲ್ಲಿ ಹುಡುಕಿದರೆ ಸಿಗಲಾರದು. ಅಲ್ಲಿ ಸ್ಲೈಡಿನ ಅಂಚಿನಾಚೆಗೆ ಇಳಿದ ಪಂಕ್ತಿಯೂ ಬೂದು ಬಯಲಿನ ಮೇಲೆ ಕಾಣುತ್ತಲೇ ಇರುತ್ತದೆ. ಓದುವ ಕಣ್ಣು ಅದನ್ನು ಸೇರಿಸಿಕೊಂಡು ಓದಿಬಿಡುತ್ತದೆ. ಪ್ರದರ್ಶನದ ನೋಟದಲ್ಲಿ ಮತ್ತು ಪಿಡಿಎಫ್ ಪ್ರತಿಯಲ್ಲಿ ಮಾತ್ರ ಅದು ಮಾಯವಾಗುತ್ತದೆ. ಕರಡು ತಿದ್ದಬೇಕಾದುದು ಅಲ್ಲಿಯೇ. ಅಕ್ಷರವನ್ನು ತಾನೇ ಕುಗ್ಗಿಸಿ ಹೊಂದಿಸುವ ಸೌಲಭ್ಯವಿದೆಯಲ್ಲ ಎಂದು ಕೆಲವರು ಕೇಳುವುದುಂಟು. ಅದನ್ನು ನೆಚ್ಚಿದರೆ ಒಂದು ಸ್ಲೈಡಿನ ಅಕ್ಷರ ದೊಡ್ಡದು, ಮುಂದಿನದು ಚಿಕ್ಕದು ಎಂಬಂತಾಗುತ್ತದೆ. ಸಾಲಿನ ಮಾತನ್ನೇ ಕಡಿಮೆ ಮಾಡುವುದು ಲೇಸು.

ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ಅಪಾಯವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲ, ಇಲ್ಲ, ಬಾರದು, ಕೂಡದು ಎಂಬ ನಿಷೇಧಗಳೂ ಕೊನೆಗೇ ಬರುತ್ತವೆ. ಇಂಗ್ಲಿಷಿನಲ್ಲಿ ನಿಷೇಧ ಸಾಮಾನ್ಯವಾಗಿ ವಾಕ್ಯದ ಮೊದಲರ್ಧದಲ್ಲೇ ಬಂದುಬಿಡುವುದರಿಂದ ಬಾಲ ಕತ್ತರಿಸಿದರೂ ಅದು ಉಳಿಯುತ್ತದೆ. ಕನ್ನಡದಲ್ಲಿ ಬಾಲ ಹೋದರೆ ಅರ್ಥವೇ ತಿರುಗಿ ನಿಲ್ಲಬಹುದು. ನಮ್ಮ ‘ಶಿಕಾರಿ’ಯ ಸಾಲಿಗೆ ಆದದ್ದು ಅದೇ.

ಆದುದರಿಂದ ಪ್ರತಿ ಸಾಲಿನ ಕಟ್ಟಕಡೆಯ ಪದವನ್ನಷ್ಟೇ ಒಮ್ಮೆ ಓದಿಕೊಂಡು ಹೋಗುತ್ತೇವೆ. ‘ಬರೆದ’, ‘ಮತ್ತು’, ‘ಹಿನ್ನೆಲೆಯಲ್ಲಿ’ ಎಂಬಂತಹ ಪದಗಳಲ್ಲಿ ಸಾಲು ನಿಂತಿದ್ದರೆ ಮುಂದೇನೋ ಬಿಟ್ಟುಹೋಗಿದೆಯೆಂದು ಸಂಶಯಪಡಬೇಕು. ಆದರೆ ‘ಕಾದಂಬರಿಗಾಗಿ’ ಎಂಬ ಪದ ಈ ಪರೀಕ್ಷೆಯಲ್ಲಿ ಪಾರಾಗುತ್ತದೆ. ‘ಬಂದುದು ಇಂತಹದಕ್ಕಾಗಿ’ ಎಂಬುದು ಪೂರ್ಣ ವಾಕ್ಯವೇ. ಅಲ್ಲಿ ಲೋಪವನ್ನು ಸಾರಬಲ್ಲ ಸಾಕ್ಷಿ ಒಂದೇ: ಇರಬೇಕಾದ ಪೂರ್ಣವಿರಾಮ ಇಲ್ಲದಿರುವುದು.

ಆದರೆ ಅಂದು ಆ ಸಾಕ್ಷಿಯ ಬಾಯಿಯನ್ನು ನಾವೇ ಕಟ್ಟಿದ್ದೆವು. ಮೇಲಿನ ನಾಲ್ಕು ಸಾಲುಗಳ ತುದಿಯನ್ನು ಮತ್ತೊಮ್ಮೆ ನೋಡಿರಿ: ಒಂದಕ್ಕೆ ಪೂರ್ಣವಿರಾಮ, ಒಂದಕ್ಕೆ ಅರ್ಧವಿರಾಮ, ಮೂರನೆಯದಕ್ಕೆ ಏನೂ ಇಲ್ಲ. ನಾಲ್ಕನೆಯದರ ತುದಿ ಬರಿದಾಗಿದ್ದುದು ಯಾರ ಗಮನಕ್ಕೂ ಬರಲಿಲ್ಲ. ಮೂರೂ ಸಾಲುಗಳು ಚುಕ್ಕೆಯಿಂದ ಮುಗಿದಿದ್ದರೆ ಉಪನ್ಯಾಸಕರಾದರೂ ಒಂದು ಕ್ಷಣ ತಡೆದು ನೋಡುತ್ತಿದ್ದರು.

ಬುಲೆಟ್ ಸಾಲಿಗೆ ಪೂರ್ಣವಿರಾಮ ಬೇಡವೆನ್ನುವ ಪದ್ಧತಿಯೂ ಬಳಕೆಯಲ್ಲಿದೆ. ಹೆಸರುಗಳ ಪಟ್ಟಿಗೆ, ಬಿಡಿ ಪದಗಳಿಗೆ ನಾವೂ ಅದನ್ನು ಒಪ್ಪುತ್ತೇವೆ. ವಾಕ್ಯಕ್ಕೆ ಒಪ್ಪುವುದಿಲ್ಲ. ಒಂದು ಪಟ್ಟಿಯಲ್ಲಿ ಒಂದು ಸಾಲು ವಾಕ್ಯವಾಗಿದ್ದರೂ ಉಳಿದವನ್ನೂ ವಾಕ್ಯಗಳನ್ನಾಗಿ ಮಾಡಿ, ಎಲ್ಲಕ್ಕೂ ಚುಕ್ಕೆಯಿಡುತ್ತೇವೆ. ‘ವೃತ್ತಿಯಿಂದ ಪಾಲಿಮರ್ ತಂತ್ರಜ್ಞ;’ ಎಂಬುದು ಈಗ ‘ಅವರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರಾಗಿದ್ದರು.’ ಎಂದಾಗಿದೆ. ಪ್ರಶಸ್ತಿಯ ಸಾಲಿನಲ್ಲಿ ನಿಷೇಧವನ್ನೇ ತೆಗೆದೆವು: ‘‘ಕಥೆಯಾದಳು ಹುಡುಗಿ’ಗೆ 1983ರ ಅಕಾಡೆಮಿ ಪ್ರಶಸ್ತಿ ಬಂದಿತು.’

ಚುಕ್ಕೆಯಿಡುವ ಕೆಲಸ ಕೊನೆಯದಾಗಿರಬೇಕು. ಇದನ್ನು ಕಲಿಯಲು ನಮಗೆ ಇನ್ನೊಂದು ತಪ್ಪು ಬೇಕಾಯಿತು. ಮುಂದಿನ ಕಾರ್ಯಕ್ರಮಕ್ಕೆ ಗೆಳೆಯರೊಬ್ಬರು ಸದುದ್ದೇಶದಿಂದಲೇ ಎಲ್ಲ ಸಾಲುಗಳ ತುದಿಗೆ ಚುಕ್ಕೆಯಿಟ್ಟು ಕಡತ ಕಳುಹಿಸಿದರು. ಅದರಲ್ಲಿ ‘ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಮುಂಬಯಿಯ ಕಾರ್ಮಿಕ ಚಳವಳಿಯ ಹಿನ್ನೆಲೆಯಲ್ಲಿ.’ ಎಂಬ ಸಾಲಿತ್ತು. ‘ಮೂಡಿದ ಕಾದಂಬರಿ’ ಎಂಬ ಎರಡು ಪದಗಳು ನಕಲು ಮಾಡುವಾಗಲೇ ಬಿಟ್ಟುಹೋಗಿದ್ದವು. ಅದರ ಗುರುತನ್ನು ಆ ಚುಕ್ಕೆ ಅಳಿಸಿಹಾಕಿತ್ತು. ಓದಿ ನೋಡದೆ ಇಟ್ಟ ಪೂರ್ಣವಿರಾಮ ಸುಳ್ಳುಸಾಕ್ಷಿ.

ಈಗ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ನಮ್ಮಲ್ಲೊಬ್ಬರು ಸಭಾಂಗಣಕ್ಕೆ ಹೋಗುತ್ತಾರೆ. ಅಲ್ಲಿಯ ಕಂಪ್ಯೂಟರಿನಲ್ಲಿಯೇ ಪ್ರದರ್ಶನವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ, ಹಿಂದಿನ ಕುರ್ಚಿಯಲ್ಲಿ ಕುಳಿತು ಪ್ರತಿ ಸ್ಲೈಡಿನ ಕೊನೆಯ ಸಾಲಿನ ಚುಕ್ಕೆಯನ್ನು ಹುಡುಕುತ್ತಾರೆ. ಆ ವಿದ್ಯಾರ್ಥಿನಿಗೆ ತಿದ್ದಿದ ಸ್ಲೈಡನ್ನು ಮರುದಿನವೇ ಕಳುಹಿಸಿದೆವು. ಮೊದಲ ಚಿತ್ರ ಇನ್ನೂ ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿಗೆಲ್ಲ ಅದು ತಲುಪಿಲ್ಲ.