ಡಾಕ್ಟರೇ, ನಿಮ್ಮ ಟಿಬಿ ಪೋಸ್ಟನ್ನ ತಿದ್ದಿದ್ದೇನೆ



ಹೋದ ತಿಂಗಳು ನಮ್ಮ ಕಡೆಯ ಡಾಕ್ಟರೊಬ್ಬರ "ಜಾಗೃತಿ" ಪೋಸ್ಟ್ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಓಡಾಡ್ತು. ಅದರಲ್ಲಿ ಇದ್ದದ್ದು ಇಷ್ಟು: "ಕೆಮ್ಮು ಬಂತೇ? ಸಾವು ಬಾಗಿಲಲ್ಲಿದೆ! ಕ್ಷಯ ಕೊಳಕು ಕೇರಿಗಳಿಂದ ಹರಡುವ ಮಾರಿ. ರೋಗಿಯ ತಟ್ಟೆ ಲೋಟ ಮುಟ್ಟಬೇಡಿ. ಮಾಂಸ ಬಿಟ್ಟು ಆಡುಸೋಗೆ ಕಷಾಯ ಕುಡಿದರೆ 21 ದಿನದಲ್ಲಿ ಶ್ವಾಸಕೋಶ ಶುದ್ಧಿ."

ಡಾಕ್ಟರ ಉದ್ದೇಶ ಒಳ್ಳೆಯದೇ ಇರಬಹುದು, ನಾನು ಅದನ್ನ ಕೆದಕಲ್ಲ. ಆದರೆ ಆ ಪೋಸ್ಟ್ ಏನು ಮಾಡ್ತು ಅಂತ ನಮ್ಮ ಕೇರಿಯಲ್ಲಿ ಕಣ್ಣಾರೆ ನೋಡಿದ್ದೀನಿ. ಒಬ್ಬ ಅಕ್ಕ ಒಂದು ತಿಂಗಳಿಂದ ಕೆಮ್ಮುತ್ತಿದ್ದರು. ಇದನ್ನ ಓದಿ ಆಸ್ಪತ್ರೆಗೆ ಹೋದ್ರಾ? ಇಲ್ಲ. ಸೆರಗು ಬಾಯಿಗಿಟ್ಟುಕೊಂಡು ಕೂಲಿಗೆ ಹೋದ್ರು. ಟಿಬಿ ಅಂತ ಹೆಸರು ಬಿದ್ದರೆ ಕೂಲಿನೂ ಹೋಗುತ್ತೆ, ಮಗಳ ಸಂಬಂಧನೂ ಹೋಗುತ್ತೆ. ಹೆದರಿಸಿದರೆ ಜನ ಕೆಮ್ಮನ್ನ ಮುಚ್ಚಿಡ್ತಾರೆ, ಪರೀಕ್ಷೆಗೆ ಬರಲ್ಲ.

ಅದಕ್ಕೇ ಕೂತು ತಿದ್ದಿದೆ. ನಾನು ಡಾಕ್ಟರಲ್ಲ. ಬರೆದದ್ದನ್ನ ಟಿಬಿ ವಿಭಾಗದಲ್ಲಿ ಕೆಲಸ ಮಾಡೋ ಗೆಳೆಯನಿಗೆ ತೋರಿಸಿದೆ.

ಮೊದಲು "ಕೆಮ್ಮು ಬಂತೇ". ಕೆಮ್ಮೆಲ್ಲ ಟಿಬಿ ಅಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಕಫದಲ್ಲಿ ರಕ್ತ, ಇದರಲ್ಲಿ ಯಾವುದು ಕಂಡರೂ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಆ ಪೋಸ್ಟಲ್ಲಿ ಸಾವು ಇತ್ತು, ಎಲ್ಲಿಗೆ ಹೋಗಬೇಕು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ!

ಇನ್ನು "ಕೊಳಕು ಕೇರಿ". ಟಿಬಿ ಬರೋದು ಬ್ಯಾಕ್ಟೀರಿಯಾದಿಂದ. 1882ರಲ್ಲೇ ರಾಬರ್ಟ್ ಕಾಖ್ ಅದನ್ನ ತೋರಿಸಿಕೊಟ್ಟ. ಅದು ಗಾಳಿಯಲ್ಲಿ ಹರಡುತ್ತೆ, ಜಾತಿ ಕೇಳಲ್ಲ. ಗಾಳಿಯಾಡದ ಒಂದೇ ಕೋಣೆಯಲ್ಲಿ ಎಂಟು ಜನ ಮಲಗಿದರೆ, ಹೊಟ್ಟೆಗೆ ಸರಿಯಾಗಿ ಇಲ್ಲದಿದ್ದರೆ ಅಪಾಯ ಜಾಸ್ತಿ, ನಿಜ. ಹಾಗಿದ್ದರೆ ಅದನ್ನೇ ಬರೀರಿ. ಆಗ ಪ್ರಶ್ನೆ ನಮ್ಮ ಮೈಯ ಮೇಲಲ್ಲ, ಮನೆ ಮತ್ತು ಪಡಿತರದ ಮೇಲೆ ಬರುತ್ತೆ.

ತಟ್ಟೆ ಲೋಟದ ಮಾತು ಓದಿ ನಗು ಬಂತು, ಆಮೇಲೆ ಮೈ ಉರೀತು. ಬೇರೆ ಲೋಟ ಅಂದ್ರೇನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಟಿಬಿ ಎಂಜಲಿನಿಂದಾಗಲಿ, ಬಟ್ಟೆಯಿಂದಾಗಲಿ, ಕೈ ಕುಲುಕೋದರಿಂದಾಗಲಿ ಹರಡಲ್ಲ. ಮಾಡಬೇಕಾದದ್ದು ಕಿಟಕಿ ತೆಗೆಯೋದು, ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯೋದು, ಮನೆಯವರನ್ನೂ ತಪಾಸಣೆಗೆ ಕರೆದೊಯ್ಯೋದು.

ಮಾಂಸ ಬಿಡಿ ಅಂದದ್ದು ಎಲ್ಲಿಂದ ಬಂತೋ! ಟಿಬಿ ಮೈಯನ್ನ ಕರಗಿಸುತ್ತೆ, ಪ್ರೋಟೀನ್ ಬೇಕು. ಮೊಟ್ಟೆ, ಬೇಳೆ, ಮೀನು, ಬಾಡು, ಯಾವುದು ಸಿಗುತ್ತೋ ಅದನ್ನ ತಿನ್ನಲಿ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ಹೆಚ್ಚಿನ ಆಹಾರ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು ಸುಮಾರು ಶೇ. 40 ಕಡಿಮೆಯಾಯ್ತು. ಕಷಾಯ ಕುಡಿಯೋರು ಕುಡೀಲಿ, ಆದರೆ ಅದು ಟಿಬಿ ವಾಸಿ ಮಾಡುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಅದರಲ್ಲೂ 21 ದಿನದ ಲೆಕ್ಕ ತುಂಬಾ ಅಪಾಯ. ಸಾಮಾನ್ಯ ಟಿಬಿಗೆ ಮಾತ್ರೆ 6 ತಿಂಗಳು. ಕೆಲವೇ ವಾರದಲ್ಲಿ ಕೆಮ್ಮು ಇಳಿದು ಹಸಿವಾಗುತ್ತೆ, ಜನ ಅಲ್ಲೇ ಬಿಡ್ತಾರೆ. ಬಿಟ್ಟರೆ ರೋಗ ತಿರುಗಿ ಬರುತ್ತೆ, ಔಷಧಿಗೆ ಬಗ್ಗದ ಟಿಬಿ ಆಗೋ ಸಾಧ್ಯತೆಯೂ ಇರುತ್ತೆ.

ನಾನೂ ಒಂದು ತಪ್ಪು ಮಾಡಿದ್ದೆ. ಹೆದರಿಕೆ ತೆಗೆಯೋ ಭರದಲ್ಲಿ "ಹೆದರಬೇಡಿ, ನೂರಕ್ಕೆ ನೂರು ವಾಸಿ" ಅಂತ ಬರೆದಿದ್ದೆ. ಗೆಳೆಯ ಹೊಡೆದುಹಾಕಿದ. "ಇದೂ ಸುಳ್ಳೇ ಕಣೋ. ಚಿಕಿತ್ಸೆ ಇಲ್ಲದಿದ್ದರೆ ಟಿಬಿ ಕೊಲ್ಲುತ್ತೆ. ಪೂರ್ತಿ ಮಾತ್ರೆ ತಗೊಂಡ ಬಹುತೇಕರು ವಾಸಿ ಆಗ್ತಾರೆ ಅಂತ ಬರಿ," ಅಂದ. ಇನ್ನೊಂದು ಸಾಲು ಅವನೇ ಸೇರಿಸಿದ: ಮಾತ್ರೆ ಶುರುವಾದ ಮೇಲೆ ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ರಕ್ತ ಅಲ್ಲ. ಇದನ್ನ ಮೊದಲೇ ಹೇಳದೆ ಎಷ್ಟೋ ಜನ ಹೆದರಿ ಮಾತ್ರೆ ನಿಲ್ಲಿಸ್ತಾರಂತೆ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಈಗ ನಮ್ಮ ಗುಂಪಲ್ಲಿ ಓಡ್ತಿರೋದು ಇದು, ಬೇಕಾದವರು ಕಾಪಿ ಮಾಡ್ಕೊಳ್ಳಿ:

"ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದೆಯಾ? ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಿ. ಟಿಬಿ ಇದ್ದರೆ ಮಾತ್ರೆಯೂ ಉಚಿತ, ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರಬೇಕು, ಕೇಳಿ ಪಡೆಯಿರಿ. ಆರಾಮಾದರೂ ಡಾಕ್ಟರು ಹೇಳೋವರೆಗೆ ಮಾತ್ರೆ ನಿಲ್ಲಿಸಬೇಡಿ. ಒಂದೇ ಮನೆಯಲ್ಲಿ, ಅದೇ ತಟ್ಟೆಯಲ್ಲಿ ಊಟ ಮಾಡಬಹುದು. ಕಿಟಕಿ ತೆಗೆದಿಡಿ."

ಡಾಕ್ಟರಿಗೂ ಕಳಿಸಿದೆ. ನೀಲಿ ಟಿಕ್ ಬಂದು ಎಂಟು ದಿನ ಆಯ್ತು, ಉತ್ತರ ಇಲ್ಲ. ಹಳೇ ಪೋಸ್ಟ್ ಇನ್ನೂ ಅಲ್ಲೇ ಇದೆ. ಅಕ್ಕ ಸೋಮವಾರ ಕಫ ಕೊಟ್ಟು ಬಂದಿದ್ದಾರೆ.