ಅರ್ಧ ಆಡಿದ ಗೇಮಿಗೆ ಯಾವ ಋಣ?

"ದುಡ್ಡು ಕೊಟ್ಟು ತಗೊಂಡಿದೀಯ, ಅರ್ಧಕ್ಕೆ ಬಿಡ್ತೀಯಾ? ಮಗ್ಗದ ಮೇಲಿನ ಸೀರೆ ಯಾರಾದ್ರೂ ಅರ್ಧ ಬಿಡ್ತಾರೇನೋ?" ಅಂತ ಮೊಳಕಾಲ್ಮೂರಿನ ಗೆಳೆಯ ಬೈದ. ನನ್ನ ಸ್ಟೀಮ್ ಲೈಬ್ರರಿಯಲ್ಲಿ ಶುರುಮಾಡಿ ಮುಗಿಸದ ಗೇಮುಗಳೇ 23. ಮುಟ್ಟದವುಗಳ ಲೆಕ್ಕ ಬೇಡ.

ಸೀರೆ ನೆಯ್ದು ಕೊಟ್ಟರೆ ಕೂಲಿ ಸಿಗುತ್ತೆ ಮಾರಾಯ, ಗೇಮ್ ಮುಗಿಸಿದರೆ ಯಾರು ಕೊಡ್ತಾರೆ? ನಮ್ಮ ಚಳ್ಳಕೆರೆ ಕಡೆ ನೋಡು. ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟರೆ, ಬೀಜಕ್ಕೆ ದುಡ್ಡು ಹಾಕಿದೀನಿ ಅಂತ ಅಪ್ಪ ಮತ್ತೆ ಕೂಲಿಗೆ ಸುರಿಯಲ್ಲ. ಹೊಲಕ್ಕೆ ದನ ಬಿಡ್ತಾರೆ.

ಹಾಗಂತ ಎಲ್ಲವನ್ನೂ ಬಿಡೋದಲ್ಲ. ಹಳೇ ಸೇವ್ ತೆರೆದು ಅರ್ಧ ಗಂಟೆ ಆಡ್ತೀನಿ. ಬಟನ್ ಮರೆತಿರೋದು ದೊಡ್ಡ ವಿಷಯವಲ್ಲ, ಹತ್ತು ನಿಮಿಷದಲ್ಲಿ ಕೈಗೆ ಬರುತ್ತೆ. ಮುಂದೇನು ಅನ್ನೋ ಕುತೂಹಲ ಉಳಿದಿದೆಯಾ ಅಂತ ನೋಡ್ತೀನಿ, ಅಷ್ಟೇ.

ವಿಚರ್ 3 ಸ್ಕೆಲ್ಲಿಗೆ ದ್ವೀಪಗಳಲ್ಲಿ ನಿಂತಿತ್ತು. ಬೇಜಾರು ತಂದಿದ್ದು ಕಥೆಯಲ್ಲ, ಸಮುದ್ರದ ತುಂಬ ಚೆಲ್ಲಿದ ಪ್ರಶ್ನಾರ್ಥಕ ಚಿಹ್ನೆಗಳು: ಒಂದೊಂದಕ್ಕೂ ದೋಣಿಯಲ್ಲಿ ಹೋಗು, ಮುಳುಗು, ಪೆಟ್ಟಿಗೆ ತೆಗೆ. 2022ರ ಅಪ್‌ಡೇಟಿನಲ್ಲಿ ಅವನ್ನು ಮ್ಯಾಪಿನಿಂದ ಮರೆಮಾಡೋ ಫಿಲ್ಟರ್ ಬಂತು. ಹಾಕಿದೆ, ಸಿರಿಯ ಬೆನ್ನು ಹಿಡಿದೆ, ಮುಗೀತು. ನೂರಕ್ಕೆ ನೂರು ಅಲ್ಲ, ಕಥೆ ಮುಗೀತು.

ಅಸಾಸಿನ್ಸ್ ಕ್ರೀಡ್ ವಲ್ಹಾಲಾದಲ್ಲಿ 40 ಗಂಟೆ ಕಳೆದಿದ್ದೆ. ಹೊಸ ಪ್ರಾಂತ್ಯಕ್ಕೆ ಹೋಗು, ಅಲ್ಲಿನವರ ಜಗಳ ಬಿಡಿಸು, ಮೈತ್ರಿ ಮಾಡ್ಕೋ, ಮುಂದಿನ ಪ್ರಾಂತ್ಯ. ಅರ್ಧ ಗಂಟೆಯಲ್ಲಿ ಎರಡು ಸಲ ಫೋನ್ ನೋಡಿದೆ. ಅನ್‌ಇನ್‌ಸ್ಟಾಲ್ ಮಾಡಿ, Hide this game ಒತ್ತಿದೆ. ಆ 40 ಗಂಟೆಯಲ್ಲಿ ಮೊದಲ 20 ಚೆನ್ನಾಗಿತ್ತು, ಅದನ್ನ ಯಾರೂ ಕಿತ್ಕೊಂಡಿಲ್ಲ.

ಗೆಳೆಯ ಈಗ ಮೆಸೇಜ್ ಹಾಕಿದಾನೆ: ಸೇಲ್ ಶುರುವಾಗಿದೆಯಂತೆ. ಹಾಳಾದೋನು.