ಬ್ರೋಷರ್‌ನ ಚದರಡಿ, ಮನೆಯ ಚದರಡಿ

ನಮ್ಮಕ್ಕ ಫ್ಲ್ಯಾಟ್ ನೋಡ್ಕೊಂಡು ಬಂದು ಎರಡು ಬ್ರೋಷರ್ ಮುಂದಿಟ್ಲು. ಬನಶಂಕರೀದು 1,500 ಚದರಡಿ, ಚದರಡಿಗೆ 9,000 ರೂಪಾಯಿ. ಜೆ.ಪಿ. ನಗರದ್ದು 1,400, ದರ 9,500. "ಮೊದಲನೇದೇ ಅಗ್ಗ ಕಣೇ" ಅಂದ್ಲು.

ಆ 1,500 ಸೂಪರ್ ಬಿಲ್ಟ್-ಅಪ್. ಲಿಫ್ಟು, ಮೆಟ್ಟಿಲು, ಲಾಬಿ ಎಲ್ಲದರಲ್ಲೂ ನಮ್ಮ ಪಾಲು ಅಂತ ಸೇರಿಸಿರೋದು. ಅದನ್ನ ತೆಗೆದ್ರೆ ಬಿಲ್ಟ್-ಅಪ್. ಅದರಲ್ಲಿ ಹೊರಗೋಡೆ, ಬಾಲ್ಕನಿ ಕಳೆದ್ರೆ ಕಾರ್ಪೆಟ್. 2016ರ ರೇರಾ ಕಾಯ್ದೆ ಪ್ರಕಾರ ಒಳಗಿನ ಅಡ್ಡಗೋಡೆಗಳೂ ಕಾರ್ಪೆಟ್‌ಗೇ ಸೇರುತ್ವೆ, ಹಾಗಾಗಿ ಚಾಪೆ ಹಾಸೋ ಜಾಗ ಇನ್ನೂ ಸ್ವಲ್ಪ ಕಮ್ಮೀನೇ.

ಒಳಪುಟದ ಸಣ್ಣಕ್ಷರದಲ್ಲಿ ಕಾರ್ಪೆಟ್ ಬನಶಂಕರೀದು 1,000, ಜೆ.ಪಿ. ನಗರದ್ದು 1,050 ಅಂತಿತ್ತು. ಒಟ್ಟು ಬೆಲೇನ ಅದರಿಂದ ಭಾಗಿಸಿದ್ವಿ. 1.35 ಕೋಟಿಯ ಬನಶಂಕರಿ ಮನೆ ಚದರಡಿಗೆ 13,500 ಬಿತ್ತು, 1.33 ಕೋಟಿಯ ಜೆ.ಪಿ. ನಗರದ್ದು ಸುಮಾರು 12,670. ಅಗ್ಗದ್ದೇ ದುಬಾರಿ!

ಸೇಲ್ಸ್ ಹುಡುಗ ಬೇರೆ "ಲೋಡಿಂಗ್ ಬರೀ 33 ಪರ್ಸೆಂಟ್ ಮೇಡಂ" ಅಂದಿದ್ನಂತೆ. ಹೆಚ್ಚಾದ 500 ಅಡೀನ 1,500ರ ಮೇಲೆ ಲೆಕ್ಕ ಹಾಕಿದ್ರೆ 33 ಸರಿ. ಕೈಗೆ ಸಿಗೋ 1,000ದ ಮೇಲೆ ಹಾಕಿದ್ರೆ 50! ಕಾರ್ಪೆಟ್ ದರಾನ ಮುಖಪುಟದಲ್ಲೇ ದಪ್ಪಕ್ಷರದಲ್ಲಿ ಹಾಕೋಕೆ ಇವರಿಗೇನು ಕಷ್ಟವೋ.

ಅಕ್ಕ ಈಗ ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಆ 1,050 ತಾಳೆ ಆಗತ್ತಾ ಅಂತ ನೋಡ್ತಾ ಕೂತಿದಾಳೆ.